ಸಬ್ಬತ್ತಿನ ಗಾಲಿಕುರ್ಚಿ

ವುಡ್‌ರಿಡ್ಜ್

ಮನೆಗೆಲಸದ ಹೆಣ್ಣುಮಕ್ಕಳಿಗೆ ವಾರಕ್ಕೊಂದು ದಿನ ಸಂಬಳ ಸಹಿತ ರಜೆ ಇರಬೇಕು ಎಂಬ ಮಾತನ್ನು ದಾವಣಗೆರೆಯ ಓಣಿಗಳಲ್ಲಿ ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಅದೇ ಮಾತನ್ನು ಅಮೆರಿಕದಲ್ಲಿ ಆಡಬೇಕಾಗಿ ಬರುತ್ತದೆಂದು ಎಣಿಸಿರಲಿಲ್ಲ. ಶಿಕಾಗೋದ ಹೊರವಲಯದ ವುಡ್‌ರಿಡ್ಜ್‌ನಲ್ಲಿ ನನ್ನ ಅಣ್ಣನ ಮಗಳು ವಿದ್ಯಾ ತನ್ನ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಕನ್ನಡದ ಕೆಲವು ಕುಟುಂಬಗಳನ್ನು ಕೂಡಿಸಿದ್ದಳು. ಅವಲಕ್ಕಿ, ಕಾಫಿ, ಆಮೇಲೆ ನನ್ನ ಭಾಷಣ ಎಂಬುದು ಕ್ರಮ. ಮಕ್ಕಳು ಅವಲಕ್ಕಿಯವರೆಗೆ ಕುಳಿತಿದ್ದು, ಭಾಷಣಕ್ಕೆ ಎದ್ದುಹೋದರು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಂದಲೇ ಬೆಳೆದವಳು. ಪ್ರತಿವಾದ ಎಲ್ಲಿಂದ ಬರಬಹುದೆಂದು ಮೊದಲೇ ಊಹಿಸಿಕೊಂಡು ಮಾತನಾಡುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಮೈಸೂರಿನ ಒಬ್ಬ ತರುಣ ಎತ್ತಿದ ಪ್ರಶ್ನೆ ನನ್ನ ಊಹೆಯಲ್ಲಿ ಇರಲಿಲ್ಲ.

"ಆಂಟಿ, ನೀವ್ ಹೇಳೋದೆಲ್ಲಾ ಕರೆಕ್ಟು. ಆದ್ರೆ ಕೆಲಸ ಅಂದ್ರೇನು ಅಂತ ಮೊದ್ಲು ಡಿಫೈನ್ ಮಾಡಿ. ಭಾನುವಾರ ನಾನು ಲಾನ್ ಕಟ್ ಮಾಡ್ತೀನಿ. ಅದು ಕೆಲಸಾನೋ, ರಜಾನೋ?"

"ಅದು ನಿನ್ ಹೆಂಡ್ತೀನ ಕೇಳ್ಬೇಕು ಕಣಪ್ಪಾ," ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಒಂದು ವ್ಯಾಖ್ಯೆ ಹುಡುಕಿದೆ. ದಣಿವು ತರುವುದೆಲ್ಲ ಕೆಲಸ ಎಂದರೆ ಕಬಡ್ಡಿಯೂ ಕೆಲಸ. ಕೂಲಿ ತರುವುದೇ ಕೆಲಸ ಎಂದರೆ ಗೃಹಿಣಿಯ ದುಡಿಮೆ ಲೆಕ್ಕಕ್ಕೇ ಇಲ್ಲ. ವ್ಯಾಖ್ಯೆಯಿಲ್ಲದೆ ವಾದಕ್ಕಿಳಿಯಬಾರದೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿದವಳು ನಾನೇ.

ಐ-94 ಹೆದ್ದಾರಿ

ಡೆಟ್ರಾಯಿಟ್ ಬಳಿಯ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನನ್ನ ಗೆಳತಿ ಶೈಲಜಾ ವೈದ್ಯೆ. ಧಾರವಾಡದಲ್ಲಿ ನಾವಿಬ್ಬರೂ ಒಂದೇ ತಂಡದಲ್ಲಿ ವಾದ ಮಾಡಿದವರು. ಅವಳ ಗಂಡ ಬಸವರಾಜ ಗದಗಿನವರು, ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಕಚೇರಿಯ ಕೆಲಸಕ್ಕೆಂದು ಓಕ್ ಬ್ರೂಕ್‌ಗೆ ಬಂದಿದ್ದ ಅವರು ಮರಳುವಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ದಾರಿಯುದ್ದಕ್ಕೂ ಅವರು ಮಾತನಾಡಿದ್ದು ಅವರೆಬಳ್ಳಿಯ ಬಗ್ಗೆ. ಹಿತ್ತಲಿನಲ್ಲಿ ಚಪ್ಪರ ಹಾಕಿ ಬೆಳೆಸಿದ ಚಪ್ಪರದವರೆ ಈ ಸಲ ವಿದ್ಯುತ್ ಕಂಬವನ್ನೇ ಹತ್ತಿಬಿಟ್ಟಿತ್ತಂತೆ.

"ಮೊನ್ನಿ ಮಂಜು ಬಿತ್ತು ನೋಡ್ರಿ ಅಕ್ಕಾರ, ಒಂದ ರಾತ್ರ್ಯಾಗ ಕರ್ರಗಾತು. ಶುಕ್ರವಾರ ಮನಿಯಿಂದನs ಕೆಲಸ ಐತಿ. ಊಟದ ಹೊತ್ತಿನ್ಯಾಗ ಎಲ್ಲಾ ಕಿತ್ತು ಸ್ವಚ್ಛ ಮಾಡಿಬಿಡ್ತೀನಿ."

ಮಿಶಿಗನ್ ರಾಜ್ಯ ಹೊಕ್ಕೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿತು. ಕಾಲವೂ ಮನುಷ್ಯರ ಒಪ್ಪಂದವೇ ಎಂದು ನಾನು ತತ್ತ್ವ ಹೇಳಿದೆ. ಬಸವರಾಜ ಎಕ್ಸಿಟ್ ಹುಡುಕುತ್ತಿದ್ದರು.

ಫಾರ್ಮಿಂಗ್ಟನ್ ಹಿಲ್ಸ್, ಗುರುವಾರ

ಇಲ್ಲಿ ಕಾರಿಲ್ಲದವರು ಮನುಷ್ಯರಲ್ಲ. ಎಷ್ಟೋ ಬೀದಿಗಳಿಗೆ ಕಾಲುದಾರಿಯೇ ಇಲ್ಲ. ಆದರೆ ಶನಿವಾರ ಮಾತ್ರ ಶೈಲಜಾಳ ಬೀದಿಯಲ್ಲಿ ಒಳ್ಳೆಯ ಬಟ್ಟೆ ತೊಟ್ಟವರು ಸಂಸಾರ ಸಮೇತ ನಡೆದು ಹೋಗುತ್ತಾರಂತೆ. ಅವರು ಸಂಪ್ರದಾಯನಿಷ್ಠ ಯಹೂದಿಗಳು. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಅರ್ಧ ಮೈಲಿ ದೂರದಲ್ಲಿದೆ.

ಪಕ್ಕದ ಮನೆಯ ರೂತ್ ಶೈಲಜಾಳ ಆಸ್ಪತ್ರೆಯಲ್ಲಿ ಔಷಧ ವಿಭಾಗದವರು. ಅವರ ಮಗಳು ಲೇಯಾಳಿಗೆ ಹೆಣ್ಣು ಮಗು ಹುಟ್ಟಿತ್ತು. ಬಾಣಂತಿ, ಮಗು, ಅಳಿಯ ಡೇವಿಡ್ ಎಲ್ಲರೂ ಅಲ್ಲಿಗೇ ಬಂದಿದ್ದರು. ನೋಡಲು ಹೋಗುವಾಗ ಶೈಲಜಾ ಹೆಚ್ಚದ ಹಣ್ಣುಗಳನ್ನಷ್ಟೇ ಬುಟ್ಟಿಯಲ್ಲಿಟ್ಟಳು. ಬೇರೆ ಮನೆಯ ಅಡುಗೆ ಅವರಿಗೆ ನಡೆಯುವುದಿಲ್ಲ. ನನ್ನ ಅಜ್ಜಿಯ ಮಡಿ ನೆನಪಾಗಿ ಸ್ವಲ್ಪ ಕಸಿವಿಸಿಯಾಯಿತು. ಅಂಥ ನಿಯಮಗಳ ವಿರುದ್ಧವೇ ನಾನು ಮೊದಲ ಭಾಷಣ ಮಾಡಿದ್ದು.

ಮನೆಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದವರು ರೂತ್ ಅವರ ತಾಯಿ ಫ್ರೀಡಾ. ತೊಂಬತ್ತರ ಹತ್ತಿರದ ವಯಸ್ಸು, ಗಾಲಿಕುರ್ಚಿ, ಕೋಣೆಯಿಂದ ಕೋಣೆಗೆ ಹೋಗುವಷ್ಟು ಮಾತ್ರ ಕಾಲಲ್ಲಿ ಬಲ. ಶನಿವಾರ ಸಿನಗಾಗಿನಲ್ಲಿ ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನು ಓದುವಾಗ ಡೇವಿಡ್ ಅದರ ಮುಂದೆ ನಿಲ್ಲುತ್ತಾನೆ, ಆಗ ಮಗುವಿಗೆ ಹೆಸರಿಡುತ್ತಾರೆ ಎಂದು ಅವರೇ ಹೇಳಿದರು. ತೀರಿಹೋದವರ ಹೆಸರನ್ನೇ ಮಕ್ಕಳಿಗೆ ಇಡುವುದು ಅವರಲ್ಲಿ ರೂಢಿ. ಈ ಮಗುವಿಗೆ ಫ್ರೀಡಾ ಅವರ ಅಕ್ಕ ಫೇಗಾಳ ಹೆಸರು.

"ಫೇಗಾ ಹೊಲಿಗೆ ಕಾರ್ಖಾನೆಯಲ್ಲಿದ್ದಳು," ಎಂದರು ಫ್ರೀಡಾ. "ಶನಿವಾರ ಬರದಿದ್ದರೆ ಸೋಮವಾರವೂ ಬರಬೇಡ ಅನ್ನುತ್ತಿದ್ದರು. ಅವಳು ಸೋಮವಾರ ಇನ್ನೊಂದು ಕಾರ್ಖಾನೆಗೆ ಹೋಗುತ್ತಿದ್ದಳು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಆ ಹೆಸರನ್ನು ಇನ್ನೊಮ್ಮೆ ಗಟ್ಟಿಯಾಗಿ ಕರೆಯುವುದನ್ನು ನಾನು ಕೇಳಬೇಕು. ಅದಕ್ಕೇ ಇನ್ನೂ ಹೋಗಿಲ್ಲ."

"ಎಲ್ಲಿಗೆ?" ಎಂದೆ, ಅರ್ಥವಾಗದೆ.

"ಫೇಗಾ ಇರುವಲ್ಲಿಗೆ," ಎಂದು ನಕ್ಕರು.

ಸಬ್ಬತ್ತಿನ ದಿನ, ಅಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ, ಕಾರು ಹತ್ತುವಂತಿಲ್ಲ. ಎಂಜಿನ್ನಿನಲ್ಲಿ ಉರಿ ಹೊತ್ತುತ್ತದೆ, ಉರಿ ಹೊತ್ತಿಸುವುದು ನಿಷಿದ್ಧ. ಬೀದಿಯಲ್ಲಿ ವಸ್ತುವನ್ನು ಹೊತ್ತೊಯ್ಯುವುದೂ ನಿಷಿದ್ಧ. ಕೈಮಗುವನ್ನು ಎತ್ತಿಕೊಳ್ಳುವುದು, ಕುರ್ಚಿ ತಳ್ಳುವುದು ಎಲ್ಲವೂ ಅದರಲ್ಲಿ ಬಂತು. ಹಾಗಾದರೆ ನೀವು ಹೇಗೆ ಹೋಗುತ್ತೀರಿ ಎಂದು ಕೇಳಿದೆ. ಫ್ರೀಡಾ ಕಿಟಕಿಯಾಚೆಯ ತಂತಿಗಳನ್ನು ತೋರಿಸಿದರು.

ಮನೆಯೊಳಗೆ ಎಷ್ಟು ಭಾರ ಬೇಕಾದರೂ ಹೊರಬಹುದು, ನಿಷೇಧವಿರುವುದು ಮನೆಯಿಂದ ಬೀದಿಗೆ, ಬೀದಿಯಲ್ಲಿ ದೂರಕ್ಕೆ ಒಯ್ಯುವುದಕ್ಕೆ. ಆದ್ದರಿಂದ ಇಡೀ ಬಡಾವಣೆಯನ್ನೇ ಸುತ್ತಿ ಒಂದು ಆವರಣ ಮಾಡಿ, ಎಲ್ಲ ಮನೆಗಳಿಗೂ ಸೇರಿದ ಊಟವೆಂದು ಒಂದು ಕಡೆ ರೊಟ್ಟಿ ಇಟ್ಟು, ಅಷ್ಟೂ ಜಾಗವನ್ನು ಒಂದೇ ಮನೆಯಂತೆ ಮಾಡಿಕೊಳ್ಳುತ್ತಾರೆ. ಇದಕ್ಕೆ ಎರೂವ್ ಎಂದು ಹೆಸರು. ಗೋಡೆ ಬೇಕಿಲ್ಲ, ಬಾಗಿಲುಗಳ ಸಾಲು ಸಾಕು. ಎರಡು ನಿಲುವು, ಮೇಲೆ ಒಂದು ಅಡ್ಡ ಇದ್ದರೆ ಬಾಗಿಲು. ವಿದ್ಯುತ್ ಕಂಬಗಳ ತಂತಿಯೇ ಅಡ್ಡ. ತಂತಿಯ ನೇರ ಕೆಳಗೆ ಕಂಬಕ್ಕೆ ಬಡಿದ ಪ್ಲಾಸ್ಟಿಕ್ ಪಟ್ಟಿಯೇ ನಿಲುವು. ಎಲ್ಲಾದರೂ ಒಂದು ಕಡೆ ಇದು ತಪ್ಪಿದರೆ ಆವರಣವೇ ಇಲ್ಲ. ಮೋಷೆ ಎಂಬವರು ಪ್ರತಿ ಗುರುವಾರ ಸುತ್ತಿ ನೋಡುತ್ತಾರೆ, ಈ ವಾರವೂ ನೋಡಿ ಸರಿಯಿದೆ ಎಂದಿದ್ದರು.

ಶುಕ್ರವಾರ

ಮಧ್ಯಾಹ್ನದ ನಂತರ ಬಸವರಾಜರ ಗ್ಯಾರೇಜಿಗೆ ಹೋದಾಗ ಒಣಬಳ್ಳಿಯ ಮೂಟೆಗಳ ಮೇಲೆ ಉದ್ದನೆಯ ಒಂದು ಬಿಳಿ ಪಟ್ಟಿ ಬಿದ್ದಿತ್ತು. ಅದೇನೆಂದು ಕೇಳಿದೆ.

"ಅದs? ಕೇಬಲ್‌ನಾವ್ರು ಬಿಟ್ಟು ಹ್ವಾದ ಪಟ್ಟಿ ಅಕ್ಕಾರ. ಬಳ್ಳಿ ಅದಕ್ಕs ಸುತ್ತಕೊಂಡಿತ್ತು. ನಾಕು ಸ್ಕ್ರೂ ಬಿಚ್ಚಿದೆ, ಬಂತು. ಮುಂದಿನ ವರ್ಷ ಟೊಮ್ಯಾಟೋಕ್ಕ ಆಸರ ಆಗತೈತಿ."

ನಾನು ವಿಷಯ ಹೇಳಿದಾಗ ಅವರ ಮುಖದ ಬಣ್ಣವೇ ಇಳಿಯಿತು. ಮನೆಯ ಹಳೆಯ ಒಡೆಯ ಈ ಪಟ್ಟಿಗೆ ಒಪ್ಪಿಗೆ ಕೊಟ್ಟಿದ್ದನೆಂದು ಆಮೇಲೆ ತಿಳಿಯಿತು. ಕೊಂಡವರಿಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಶೈಲಜಾ ಆಸ್ಪತ್ರೆಯಿಂದ ಬಂದಳು.

"ನಿಮ್ಮ ಕೈ ಒಂದ್ ನಿಮಿಷ ಸುಮ್ಮನs ಇರೂದಿಲ್ಲಲ್ರೀ! ಆ ಮುದುಕಿ ನಾಳಿ ಹೆಂಗ ಹೋಗಬೇಕು?"

"ನನಗೇನ್ ಗೊತ್ತು, ಪಟ್ಟೀ ಮ್ಯಾಲೆ ಬಾಗಿಲಾ ಅಂತ ಬರದಿದ್ರೇನು?"

ನಾನು ರೂತ್ ಅವರಲ್ಲಿಗೆ ಓಡಿದೆ. ಅವರು ಕೋಪಿಸಿಕೊಳ್ಳಲಿಲ್ಲ; ಹೊತ್ತೆಷ್ಟು ಉಳಿದಿದೆಯೆಂದು ಆಕಾಶ ನೋಡಿ, ಮೋಷೆಗೆ ಫೋನ್ ಮಾಡಿದರು. ಆತ ಪಟ್ಟಣದ ಇನ್ನೊಂದು ತುದಿಯಲ್ಲಿ ಶುಕ್ರವಾರದ ವಾಹನಗಳ ಮಧ್ಯೆ ಸಿಕ್ಕಿದ್ದರು. ಯಾರು ಬಡಿದರೂ ನಡೆಯುತ್ತದೆ, ಹೊತ್ತಿದ್ದರೆ ಬಡಿಯಿರಿ ಎಂದರು. ಬಸವರಾಜ ಏಣಿ ಇಟ್ಟು, ಮಟ್ಟಗೋಲು ಹಿಡಿದು, ಕೂದಲೆಳೆಯಷ್ಟೂ ವಾಲದಂತೆ ಪಟ್ಟಿಯನ್ನು ನಿಲ್ಲಿಸಿದರು. ಗೋಡೆ ಕಟ್ಟುವ ಗೌಂಡಿಯೂ ಅಷ್ಟು ನೇರ ನಿಲ್ಲಿಸುವುದಿಲ್ಲ.

ಮೋಷೆ ಬಂದಾಗ ಬೆಳಕು ಹಳದಿಯಾಗಿತ್ತು. ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದರು. "ಕೆಲಸ ಸೊಗಸಾಗಿದೆ. ಆದರೆ ಬದಿ ತಪ್ಪಿದೆ. ತಂತಿ ಹೋಗಿರುವುದು ಹಿಂದಿನ ರಸ್ತೆಯ ಕಡೆಯಿಂದ, ಪಟ್ಟಿ ಇರುವುದು ನಿಮ್ಮ ಕಡೆ. ತಂತಿ ಇದರ ನೆತ್ತಿಯ ಮೇಲೆ ಬರಬೇಕು."

ಹಳೆಯ ತೂತುಗಳು ಸಡಿಲವಾಗಿದ್ದವೆಂದು ಬದಿ ಬದಲಿಸಿದ್ದ ನಮ್ಮ ಎಂಜಿನಿಯರರು ಪಟ್ಟಿಯ ನೇರ ನೋಡಿದ್ದರು, ತಂತಿಯನ್ನು ನೋಡಿರಲಿಲ್ಲ. ಮೋಷೆ ಏಣಿ ಹತ್ತಿ ಎರಡು ಸ್ಕ್ರೂ ಬಿಚ್ಚಿದರು. ಮೂರನೆಯದಕ್ಕೆ ಕೈಹಾಕುವ ಮೊದಲು ಗಡಿಯಾರ ನೋಡಿ ಕೆಳಗಿಳಿದರು. ಫೋನಿನಲ್ಲಿ ಎಲ್ಲರಿಗೂ 'ಈ ಸಬ್ಬತ್ತಿಗೆ ಎರೂವ್ ಇಲ್ಲ' ಎಂದು ಸಂದೇಶ ಕಳಿಸಿ, ಫೋನು, ಬೀಗದ ಕೈ, ಸ್ಕ್ರೂಡ್ರೈವರ್ ಎಲ್ಲವನ್ನೂ ತಮ್ಮ ಕಾರಿನೊಳಗಿಟ್ಟು, ಕಾರನ್ನು ನಮ್ಮ ಅಂಗಳದಲ್ಲೇ ಬಿಟ್ಟು ಹೊರಟುನಿಂತರು.

"ಇನ್ನ ಐದು ನಿಮಿಷದ ಕೆಲಸ ಐತಿ, ನಾನs ಮುಗಿಸ್ತೀನಲ್ರೀ," ಎಂದು ಬಸವರಾಜ ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ನಮಗೆ ಕನ್ನಡದಲ್ಲೂ ಹೇಳಿದರು.

"ಮುಗಿಸಬಹುದು. ಆದರೆ ಸಬ್ಬತ್ ಶುರುವಾಗುವ ಹೊತ್ತಿಗೆ ಆವರಣ ಇರುವುದಿಲ್ಲ. ಆಮೇಲೆ ನಿಲ್ಲಿಸಿದರೆ ಮುಂದಿನ ವಾರಕ್ಕೆ ಉಪಯೋಗ," ಎಂದು ಮೋಷೆ ಬರಿಗೈಯಲ್ಲಿ ನಡೆದು ಹೋದರು.

ಶುಕ್ರವಾರ ಸಂಜೆ

ಇಷ್ಟಾದರೂ ರೂತ್ ಗುರುವಾರ ನಮ್ಮನ್ನು ಊಟಕ್ಕೆ ಕರೆದದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ದೀಪಗಳನ್ನು ಸೂರ್ಯಾಸ್ತಕ್ಕೆ ಮೊದಲೇ ಹಚ್ಚಿ ಆಗಿತ್ತು. ತಾವಾಗಿ ಆರುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಒಲೆಯ ಮೇಲೆ ಲೋಹದ ತಗಡು, ಅದರ ಮೇಲೆ ಮೊದಲೇ ಬೆಂದ ಅಡುಗೆ. ಫ್ರಿಜ್ಜಿನ ಬಾಗಿಲು ತೆರೆದರೆ ದೀಪ ಹೊತ್ತುತ್ತದೆಂದು ಅದರ ಬಲ್ಬನ್ನೇ ಬಿಚ್ಚಿಟ್ಟಿದ್ದರು.

ಬಚ್ಚಲಿಗೆ ಹೋಗಿಬಂದ ನಾನು ಅಭ್ಯಾಸಬಲದಿಂದ ಅಲ್ಲಿಯ ದೀಪ ಆರಿಸಿದೆ. ವಿದ್ಯುತ್ ಉಳಿಸಿರೆಂದು ಊರಿನಲ್ಲಿ ಜಾಥಾ ಮಾಡಿದವಳು. ಮೇಜಿನ ಸುತ್ತ ಎಲ್ಲರೂ ಬಚ್ಚಲ ಬಾಗಿಲಿನ ಕಡೆ ತಿರುಗಿದರು. ಆ ದೀಪ ನಾಳೆ ರಾತ್ರಿಯವರೆಗೆ ಉರಿಯಬೇಕಿತ್ತು.

"ಈಗಲೇ ಹಾಕುತ್ತೇನೆ," ಎಂದು ಎದ್ದೆ.

"ಹಾಕಿ ಎಂದು ನಾನು ಹೇಳುವಂತಿಲ್ಲ," ಎಂದರು ರೂತ್. "ನಮ್ಮ ಸಲುವಾಗಿ ನೀವು ಹಾಕಿದರೆ ಆ ಬೆಳಕನ್ನು ನಾವು ಬಳಸುವಂತೆಯೂ ಇಲ್ಲ. ನಿಮಗೇ ಬೆಳಕು ಬೇಕಾಗಿ ಹಾಕಿಕೊಂಡರೆ ಬೇರೆ ಮಾತು."

ಅರ್ಧ ಗಂಟೆಯ ನಂತರ ನನಗೆ ಕೈತೊಳೆಯಬೇಕೆನಿಸಿತು, ನಿಜವಾಗಿಯೇ. ಈ ಸಲ ದೀಪವನ್ನು ಹಾಗೆಯೇ ಬಿಟ್ಟುಬಂದೆ. ಆದರೆ ನನ್ನೊಳಗಿನ ವಾದಿ ಎಚ್ಚರವಾಗಿದ್ದಳು.

"ಸ್ವಿಚ್ ಒತ್ತುವುದರಲ್ಲಿ ಯಾವ ಶ್ರಮವಿದೆ?" ಎಂದು ಫ್ರೀಡಾ ಅವರನ್ನು ಕೇಳಿದೆ. "ಈ ಭಾರದ ಮೇಜನ್ನು ಕೋಣೆಯಿಂದ ಕೋಣೆಗೆ ಎಳೆಯಬಹುದು, ಬೀದಿಯಲ್ಲಿ ಕರವಸ್ತ್ರ ಒಯ್ಯುವಂತಿಲ್ಲ. ಇದು ವಿಶ್ರಾಂತಿಯ ನಿಯಮ ಹೇಗಾಯಿತು?"

"ಶ್ರಮದ ಮಾತು ಯಾರು ಹೇಳಿದರು?" ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. "ಮರುಭೂಮಿಯಲ್ಲಿ ನಮ್ಮವರು ದೇವರಿಗೊಂದು ಗುಡಾರ ಕಟ್ಟಿದರು. ಆ ಪವಿತ್ರ ಕೆಲಸವನ್ನೂ ಸಬ್ಬತ್ತಿನ ದಿನ ನಿಲ್ಲಿಸಿ ಎಂದು ಅಪ್ಪಣೆಯಾಯಿತು. ಹಾಗಾದರೆ ಅದನ್ನು ಕಟ್ಟಲು ಏನೇನು ಮಾಡಿದರೋ ಅದೇ ಕೆಲಸ. ನಮ್ಮ ಪಂಡಿತರು ಮೂವತ್ತೊಂಬತ್ತು ಬಗೆ ಎಣಿಸಿದ್ದಾರೆ. ಉಳುವುದು, ಬಿತ್ತುವುದು, ಕೊಯ್ಯುವುದು, ಬೀಸುವುದು, ನಾದುವುದು, ಬೇಯಿಸುವುದು. ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು, ಗಂಟು ಹಾಕುವುದು, ಬಿಚ್ಚುವುದು. ಎರಡು ಅಕ್ಷರ ಬರೆಯುವುದು, ಅಳಿಸುವುದು. ಕಟ್ಟುವುದು, ಕೆಡವುವುದು. ಉರಿ ಹಚ್ಚುವುದು, ಆರಿಸುವುದು. ಕೊನೆಯದು, ಹೊತ್ತೊಯ್ಯುವುದು. ಇವುಗಳಲ್ಲೆಲ್ಲ ಮನುಷ್ಯ ಜಗತ್ತನ್ನು ತನಗೆ ಬೇಕಾದಂತೆ ಬದಲಿಸುತ್ತಾನೆ. ದೇವರು ಆರು ದಿನ ಸೃಷ್ಟಿಸಿ ನಿಲ್ಲಿಸಿದ. ನಾವೂ ನಿಲ್ಲಿಸುತ್ತೇವೆ. ದಣಿದೆವು ಅಂತಲ್ಲ, ಅವನೇನು ದಣಿದಿದ್ದನೇ?"

ಶೈಲಜಾ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಅಷ್ಟರಲ್ಲಿ ಹಣ್ಣಿನ ತಟ್ಟೆಯಲ್ಲಿ ಕೊಳೆತ ದ್ರಾಕ್ಷಿಗಳನ್ನು ಕಂಡು ನಾನು ಒಂದೊಂದೇ ಹೆಕ್ಕಿ ಬದಿಗಿಡುತ್ತಿದ್ದೆ. ಫ್ರೀಡಾ ನಕ್ಕರು.

"ಇಗೋ, ನೀವು ಮಾಡುತ್ತಿರುವುದೂ ಪಟ್ಟಿಯಲ್ಲಿದೆ. ಬೇರ್ಪಡಿಸುವುದು. ಕೆಟ್ಟದ್ದನ್ನು ಹೆಕ್ಕಿ ತೆಗೆದರೆ ಕೆಲಸ. ಒಳ್ಳೆಯದನ್ನು ಕೈಯಿಂದ ತೆಗೆದು ಆಗಲೇ ತಿಂದರೆ ಊಟ."

ಅಕ್ಕಿಯಿಂದ ಕಲ್ಲು ಹೆಕ್ಕುತ್ತ ಮೊರದ ಮುಂದೆ ಕುಳಿತ ನಮ್ಮ ಹೆಂಗಸರೆಲ್ಲ ನನ್ನ ಕಣ್ಣ ಮುಂದೆ ಬಂದರು. ವುಡ್‌ರಿಡ್ಜ್‌ನ ತರುಣ ಕೇಳಿದ ವ್ಯಾಖ್ಯೆ ಇಲ್ಲೊಂದು ಇತ್ತು. ನಾನು ಒಪ್ಪುವೆನೋ ಬಿಡುವೆನೋ, ಅಷ್ಟು ಖಚಿತವಾದ ಇನ್ನೊಂದನ್ನು ನಾನು ಕೇಳಿಲ್ಲ.

"ಇನ್ನೊಂದು ಕಾರಣವಿದೆ," ಎಂದರು ಅವರು. "ನೀನು ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ನೆನಪಿಡು ಎಂದಿದೆ. ಗುಲಾಮ ನಿಲ್ಲಿಸಲಾರ. ಆದ್ದರಿಂದ ನಿನ್ನ ಆಳು, ನಿನ್ನ ದಾಸಿ, ಎತ್ತು, ಕತ್ತೆ, ನಿನ್ನ ಊರಬಾಗಿಲೊಳಗಿನ ಪರಕೀಯ, ಎಲ್ಲರೂ ನಿನ್ನಂತೆಯೇ ವಿರಮಿಸಲಿ."

ದಾಸಿಗೂ ವಾರದ ರಜೆ ಎಂಬ ಈ ಮಾತು ಇಷ್ಟು ಹಳೆಯದೆಂದು ಗೊತ್ತಿದ್ದರೆ ನನ್ನ ಎಷ್ಟೋ ಭಾಷಣಗಳು ಚಿಕ್ಕವಾಗುತ್ತಿದ್ದವು.

ಡೇವಿಡ್ ಸಿನಗಾಗಿನಿಂದ ಬಂದಾಗ ಎಲ್ಲರೂ ಅವನ ಮುಖ ನೋಡಿದರು. ಅವನು ಅಲ್ಲಿಯ ಧರ್ಮಗುರು ರಬ್ಬಿಯನ್ನು ಕೇಳಿಬಂದಿದ್ದ. ಇಂಥ ಸಣ್ಣ ಬಡಾವಣೆಯ ಬೀದಿಯಲ್ಲಿ ಹೊರುವುದಕ್ಕಿರುವ ನಿಷೇಧ ಮೂಲ ಗ್ರಂಥದ್ದಲ್ಲ, ನಂತರದ ಪಂಡಿತರು ಹಾಕಿದ ಬೇಲಿ. ಯಹೂದಿಯಲ್ಲದವರಿಗೆ ಕೆಲಸ ಹೇಳಬಾರದೆಂಬುದೂ ಅವರದೇ ಬೇಲಿ. ಎರಡೂ ಬೇಲಿಗಳೇ ಆಗಿ, ನಡುವೆ ಧರ್ಮಕಾರ್ಯವೊಂದು ಕಾದಿದ್ದರೆ, ಕೇಳಬಹುದು. ಬಾಣಂತಿ ಮತ್ತು ಮಗು ಮನೆಯಲ್ಲೇ ಇರಲಿ, ಅವರಿಲ್ಲದೆಯೂ ಹೆಸರಿಡಬಹುದು. ಅಜ್ಜಿಯ ಕುರ್ಚಿಯನ್ನು ನೆರೆಯವರು ತಳ್ಳಬಹುದು.

"ನಂದs ತಪ್ಪು, ನಾನs ತಳ್ಳತೀನಿ," ಎಂದು ಬಸವರಾಜ ಅವನ ಮಾತು ಮುಗಿಯುವ ಮೊದಲೇ ಎದ್ದುನಿಂತರು. ಶೈಲಜಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

ಸಂತೋಷಪಡಬೇಕಿದ್ದ ಫ್ರೀಡಾ ತಲೆ ತಗ್ಗಿಸಿ ಮೇಜುಬಟ್ಟೆಯ ಸುಕ್ಕು ನೀವತೊಡಗಿದರು. ನನಗೂ ಒಳಗೊಳಗೆ ಇರಿಸುಮುರುಸು. ಒಬ್ಬರ ಮಡಿಗೆ ಇನ್ನೊಬ್ಬರು ನೀರು ಸೇದುವುದನ್ನು ನೋಡಿ ಬೆಳೆದವಳು ನಾನು.

"ಪರಕೀಯನೂ ವಿರಮಿಸಲಿ ಎಂದು ಈಗಷ್ಟೇ ದೊಡ್ಡದಾಗಿ ಹೇಳಿದೆ," ಎಂದರು ಅವರು ಕೊನೆಗೆ.

"ಅಜ್ಜಿ, ಅದು ಇವರಿಗೆ ಅನ್ವಯಿಸುವುದಿಲ್ಲ. ಇವರು ನಮ್ಮ ಆಳಲ್ಲ," ಎಂದ ಡೇವಿಡ್.

"ಗೊತ್ತು. ಫೇಗಾಳ ಹೆಸರಿಗೋಸ್ಕರ ಬರುತ್ತೇನೆ."

ಶನಿವಾರ

ಬೆಳಿಗ್ಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಫ್ರಿಜ್ಜಿನ ಒಳಗು. ಶೈಲಜಾಳಿಗೆ ಆಸ್ಪತ್ರೆಯ ಪಾಳಿಯಿತ್ತು. ಬಸವರಾಜ ರಸ್ತೆಯಂಚಿನಲ್ಲಿ ಕುರ್ಚಿ ತಳ್ಳಿದರು. ಎದುರಿಗೆ ಬಂದ ಕಾರುಗಳು ನಿಧಾನಿಸಿದವು. ರೂತ್ ಅವರ ಕೈಯಲ್ಲಿ ಚೀಲವಿಲ್ಲ, ಕರವಸ್ತ್ರವೂ ಇಲ್ಲ.

ಸಿನಗಾಗಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ನಡುವೆ ಜಾಲರಿ. ಅದರ ಬಗ್ಗೆ ನನಗಿರುವ ತಕರಾರನ್ನು ಇಲ್ಲಿ ಬರೆಯುವುದಿಲ್ಲ. ಅಂದು ಹೇಳಲೂ ಇಲ್ಲ. ಡೇವಿಡ್ ಸುರುಳಿಯ ಮುಂದೆ ನಿಂತ. ಹೀಬ್ರೂ ಭಾಷೆಯ ಉದ್ದನೆಯ ವಾಕ್ಯವೊಂದರ ನಡುವೆ 'ಫೇಗಾ' ಎಂಬ ಎರಡಕ್ಷರ ನನಗೂ ಕೇಳಿಸಿತು. ಫ್ರೀಡಾ ಕಣ್ಣು ಮುಚ್ಚಿದ್ದರು. ಅವರ ತುಟಿಗಳು ಆ ಹೆಸರನ್ನು ತಿರುಗಿ ಹೇಳಿದವು. ಗಂಡಸರು ಹಾಡತೊಡಗಿದರು. ಕೊನೆಯ ಬೆಂಚಿನಲ್ಲಿ, ತಲೆಯ ಮೇಲೆ ಯಾರೋ ಕೊಟ್ಟ ಪುಟ್ಟ ಟೋಪಿಯಿಟ್ಟುಕೊಂಡು ಕುಳಿತಿದ್ದ ಬಸವರಾಜರೂ ಚಪ್ಪಾಳೆ ತಟ್ಟಿದರು.

ಪ್ರಾರ್ಥನೆಯ ನಂತರ ಎಲ್ಲರೂ ದ್ರಾಕ್ಷಾರಸ ಕುಡಿದು ಮೀನು, ರೊಟ್ಟಿ ತಿಂದರು. ನಮಗೂ ಕೊಟ್ಟರು, ಬಸವರಾಜ ಮೀನು ಬಿಟ್ಟು ರೊಟ್ಟಿ ತಿಂದರು. ಆಮೇಲೆ ಕೋಟು ಹಾಕಿಕೊಂಡು ಕುರ್ಚಿಯ ಹಿಡಿಕೆಗೆ ಕೈಯಿಟ್ಟರು.

"ಬೇಡ," ಎಂದರು ಫ್ರೀಡಾ.

"ಮನೆಗೆ?" ಎಂದರು ಬಸವರಾಜ.

"ಬರುವಾಗ ಧರ್ಮಕಾರ್ಯವಿತ್ತು, ನಿಮ್ಮನ್ನು ಕೇಳಿದೆ. ಹೋಗುವಾಗ ಇರುವುದು ನನ್ನ ಹಾಸಿಗೆ, ನನ್ನ ಮಧ್ಯಾಹ್ನದ ನಿದ್ದೆ. ಅದಕ್ಕೆ ನಿಮ್ಮನ್ನು ದುಡಿಸುವುದಿಲ್ಲ. ಕತ್ತಲಾಗುವವರೆಗೆ ಇಲ್ಲೇ ಇರುತ್ತೇನೆ."

"ಅಮ್ಮ, ರಬ್ಬಿಯನ್ನು ಕೇಳಿದರೆ ವಾಪಸಿಗೂ ಏನಾದರೂ ದಾರಿ ಹೇಳುತ್ತಾರೆ," ಎಂದರು ರೂತ್.

"ಹೇಳುತ್ತಾರೆ. ಅದಕ್ಕೇ ಕೇಳುವುದಿಲ್ಲ."

ಬಸವರಾಜ ನನ್ನ ಕಡೆ ತಿರುಗಿದರು. "ಏನ್ರೀ ಅಕ್ಕಾರ ಇದು? ಅರ್ಧಾ ಮೈಲ್ ಐತಿ! ಹತ್ತು ನಿಮಿಷದಾಗ ಒಯ್ದು ಬಿಡತೀನಿ. ಈ ವಯಸ್ಸಿನ್ಯಾಗ ಸಂಜೀತನಕಾ ಕುಂದ್ರೂದಂದ್ರ? ನೀವರ ಹೇಳ್ರಿ, ವಾದ ಮಾಡೂದು ನಿಮ್ಮ ಕಸಬಲ್ಲ?"

ವಾದ ಮಾಡಲು ನನ್ನಲ್ಲಿ ಸಾಕಷ್ಟು ಅಂಶಗಳಿದ್ದವು. ಅವರ ಆರೋಗ್ಯ, ನಮ್ಮ ಇಚ್ಛೆ, ನಿಯಮದ ಆಶಯ, ಎಲ್ಲವೂ ನನ್ನ ಪಕ್ಷದಲ್ಲೇ ಇದ್ದವು. ಆದರೆ ಇನ್ನೊಬ್ಬರ ರಜೆಗೆ ನಿಮ್ಮ ಸೌಕರ್ಯವನ್ನು ಬಿಟ್ಟುಕೊಡಿ ಎಂದು ನಾನು ಊರ ತುಂಬ ಕೇಳುತ್ತ ಬಂದದ್ದು. ಕೇಳದೆಯೇ ಕೊಡುವವರು ಸಿಕ್ಕಾಗ, ಬೇಡ ಎನ್ನಲು ನಾನು ಯಾರು?

"ಮನೆಗೆ ಹೋಗಿ ಬಸವರಾಜ್," ಎಂದರು ಫ್ರೀಡಾ, ಹೆಸರನ್ನು ಕಷ್ಟಪಟ್ಟು ಪೂರ್ತಿಯಾಗಿ ಉಚ್ಚರಿಸಿ. "ಇವತ್ತು ನಿಮಗೆ ರಜೆ."

ಬಸವರಾಜ ಕೋಟು ಕಳಚಿ, ಗೋಡೆಯ ಬದಿಯ ಕುರ್ಚಿಯೊಂದನ್ನು ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತರು.

"ರಜಾ ಕೊಟ್ಟಾರಲ್ಲ? ರಜಾ ಎಲ್ಲಿ ಕಳೀಬೇಕು ಅನ್ನೂದು ನನ್ನಿಷ್ಟ."

ಇದನ್ನು ನಾನೇ ಭಾಷಾಂತರಿಸಿದೆ. ಫ್ರೀಡಾ ತಲೆಯಾಡಿಸಿ, ಅವರೆ ಎಂದರೇನು, ಅದಕ್ಕೆ ಕಂಬವೇ ಏಕೆ ಬೇಕು ಎಂದು ಕೇಳಿದರು. ಆ ಉತ್ತರ ಬಹಳ ಹೊತ್ತು ನಡೆಯಿತು. ನಡುವೆ ಅವರು ಕುರ್ಚಿಯಲ್ಲೇ ನಿದ್ದೆಹೋದರು. ಬಸವರಾಜ ದನಿ ತಗ್ಗಿಸಿ ನನಗೇ ಮುಂದುವರಿಸಿದರು.

ನವೆಂಬರಿನ ಹಗಲು ಚಿಕ್ಕದು. ಮೂರು ನಕ್ಷತ್ರ ಕಂಡರೆ ಸಬ್ಬತ್ ಮುಗಿದಂತೆ ಎಂದು ರೂತ್ ಹೇಳಿದ್ದರಿಂದ ನಾವು ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸಿಕೊಂಡೆವು. ಒಳಗೆ ಸರಿಸಲು ಅಡ್ಡಿಯಿಲ್ಲವಲ್ಲ. ಎರಡು ಬೇಗ ಕಂಡವು.

"ಅಲ್ಲೈತಿ ನೋಡ್ರಿ ಮೂರನೇದ್ದು!" ಎಂದರು ಬಸವರಾಜ.

"ಅದು ವಿಮಾನ," ಎಂದರು ಫ್ರೀಡಾ. "ತಾಳಿ."

ನಾವು ತಾಳಿದೆವು. ಕೊನೆಗೆ ಒಳಗೆ ಹೆಣೆದ ಮೇಣದಬತ್ತಿ ಹಚ್ಚಿ, ಸುಗಂಧದ ಡಬ್ಬಿ ಮೂಸಿ, ಅವರು ದಿನವನ್ನು ಬೀಳ್ಕೊಟ್ಟರು. ಬಸವರಾಜ ಮತ್ತೆ ಹಿಡಿಕೆಗೆ ಕೈಚಾಚಿದಾಗ ರೂತ್ ಅಡ್ಡಬಂದರು.

"ಈಗ ನನ್ನ ಸರದಿ. ನನಗೆ ಕೆಲಸ ಶುರುವಾಯಿತು."

ಅವರು ತಾಯಿಯನ್ನು ತಳ್ಳಿಕೊಂಡು ಮುಂದೆ ನಡೆದರು. ಬಸವರಾಜ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಏನು ಮಾಡುವುದೆಂದು ತಿಳಿಯದವರಂತೆ, ಅವರ ಪಕ್ಕದಲ್ಲಿ ಬರಿದೇ ನಡೆದರು.